ಎಂಬತ್ತು ಫೋಟೋಗಳ ಒಂದು ಕಣಜ

ಸತ್ತ ಹುಳಗಳನ್ನು ಮನೆಗೆ ತರಬಹುದು, ಕೊಂದು ತರಬಾರದು. ನಾನು ಹುಳಗಳ ಫೋಟೋ ತೆಗೆಯಲು ಶುರುಮಾಡಿದಾಗ ಮಾವನವರು ಹಾಕಿದ್ದು ಇದೊಂದೇ ಷರತ್ತು. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ಬನಹಟ್ಟಿಯಲ್ಲಿ. ಮನೆಯ ಹಿಂಬದಿಗೆ ಮಾವನವರ ಮಗ್ಗದ ಶೆಡ್ಡು, ಅದರಲ್ಲಿ ನಾಲ್ಕು ಪಾವರ್‌ಲೂಮ್. ಎಡಕ್ಕೂ ಬಲಕ್ಕೂ ಹಿಂದಕ್ಕೂ ಇರುವ ಮನೆಗಳಲ್ಲಿಯೂ ಅದೇ ಸದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಅದು ಕೇಳಿಸುವುದೇ ನಿಂತಿತು.

ಷರತ್ತು ಹಾಕಿದ ಮೇಲೆ ಮಾವನವರು ತಾವೇ ಹುಳ ಹುಡುಕಲು ಶುರುಮಾಡಿದ್ದು ನನಗೆ ಸೋಜಿಗ. ಶೆಡ್ಡು ಗುಡಿಸುವಾಗ ಸಿಕ್ಕ ಜೀರುಂಡೆ, ಲೈಟಿನ ಕೆಳಗೆ ಬಿದ್ದ ಪತಂಗ, ಎಲ್ಲವನ್ನೂ ಬೆಂಕಿಪೆಟ್ಟಿಗೆಯಲ್ಲಿಟ್ಟು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಒಂದು ದಿನ ನಾನು ಕಾಲೇಜಿನಿಂದ ಬರುವುದನ್ನೇ ಕಾಯುತ್ತ ಬಾಗಿಲಲ್ಲಿ ಕೂತಿದ್ದರು.

"ಕಿಡಕ್ಯಾಗ ಮಣ್ಣಿನ ಗೂಡ ಕಟ್ಟಿದ್ವಲ್ಲ ಕಣಜದ ಹುಳಾ, ಅದರ ಬುಡಕ ಬಿದ್ದಿತ್ತು ನೋಡವಾ," ಎಂದು ಪೆಟ್ಟಿಗೆ ತೆರೆದರು. "ಆದ್ರ ಇದು ಆ ಜಾತೀದಲ್ಲ. ಹೊಳೀತೈತಿ."

ಗೋದಿ ಕಾಳಿಗಿಂತ ಸ್ವಲ್ಪ ಉದ್ದದ ಹುಳ. ಹಸಿರು ಎನ್ನಬೇಕೋ ನೀಲಿ ಎನ್ನಬೇಕೋ ತಿಳಿಯದ ಮೈ. ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದ ಕಣಜ ಅದು. ತಾನು ಗೂಡು ಕಟ್ಟುವುದಿಲ್ಲ, ಬೇರೆ ಕಣಜ ಕಟ್ಟಿದ ಮಣ್ಣಿನ ಗೂಡಿನಲ್ಲಿ ಕಳ್ಳತನದಿಂದ ಮೊಟ್ಟೆ ಇಟ್ಟು ಹೋಗುತ್ತದೆ. ಅದನ್ನು ಹೇಳಿದಾಗ ಮಾವನವರು ನಕ್ಕರು. ಆಮೇಲೆ, "ಇದರ ಮಾರೀದು ಫೋಟೋ ತಗೀತಿ?" ಎಂದು ಕೇಳಿದರು.

ಮುಖದ ಫೋಟೋ ತಾನೇ, ತೆಗೆಯುತ್ತೇನೆ ಎಂದೆ. ಅದು ಎಷ್ಟು ಕಷ್ಟವಾಗುತ್ತದೆ ಎಂದು ಅವತ್ತು ಗೊತ್ತಿರಲಿಲ್ಲ.

ಇಷ್ಟು ಸಣ್ಣದನ್ನು ದೊಡ್ಡದು ಮಾಡಿ ತೆಗೆಯುವಾಗ ಲೆನ್ಸಿಗೆ ಒಮ್ಮೆಗೆ ಕಾಣುವುದು ಒಂದು ತೆಳು ಪದರ ಮಾತ್ರ. ನಾನು ಕ್ಯಾಮೆರಾಕ್ಕೆ ಉದ್ದದ ಕೊಳವೆ ಜೋಡಿಸಿ, ಅದರ ತುದಿಗೆ ಹಳೆಯ ಮೈಕ್ರೋಸ್ಕೋಪಿನ ನಾಲ್ಕು ಪಟ್ಟಿನ ಲೆನ್ಸು ಕೂರಿಸಿಕೊಂಡಿದ್ದೆ. ಅದರಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟು. ಮೀಸೆಯ ತುದಿ ಕಂಡರೆ ಕಣ್ಣು ಮಂಜು, ಕಣ್ಣು ಕಂಡರೆ ಮೀಸೆ ಮಂಜು. ಅದಕ್ಕೇ ಒಂದಲ್ಲ, ಹಲವು ಫೋಟೋ ತೆಗೆಯಬೇಕು. ಮೀಸೆಯ ತುದಿಗಿಂತ ಒಂದಿಷ್ಟು ಮುಂಚೆ ಶುರುಮಾಡಿ, ಕ್ಯಾಮೆರಾವನ್ನು ಸ್ಕ್ರೂ ತಿರುವಿ ಕೂದಲೆಳೆಗಿಂತ ಕಡಿಮೆ ಮುಂದೆ ಸರಿಸಿ ಒಂದು, ಮತ್ತೆ ಅಷ್ಟೇ ಸರಿಸಿ ಇನ್ನೊಂದು. ಒಂದರ ಪದರ ಮುಂದಿನದರ ಪದರದ ಮೇಲೆ ಸ್ವಲ್ಪ ಕೂರಬೇಕು, ನಡುವೆ ಸಂದು ಬಿಡಬಾರದು. ಈ ಕಣಜಕ್ಕೆ ಎಂಬತ್ತು ಫೋಟೋ ಬೇಕೆಂದು ಲೆಕ್ಕ ಬಂತು. ಕೊನೆಗೆ ಕಂಪ್ಯೂಟರ್ ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿ, ಪ್ರತಿಯೊಂದರಲ್ಲೂ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರ ಮಾಡುತ್ತದೆ.

ಒಣಗಿದ ಹುಳವನ್ನು ಒದ್ದೆ ಹತ್ತಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಟ್ಟೆ. ಮೆತ್ತಗಾದ ಮೇಲೆ ಮಡಚಿದ್ದ ಮೀಸೆಗಳನ್ನು ಸೂಜಿಯಿಂದ ಮುಂದಕ್ಕೆ ಎಳೆದು, ಒಣಗಲು ಬಿಟ್ಟು, ಪಿನ್ನಿನ ಮೇಲೆ ನಿಲ್ಲಿಸಿದೆ. ಹೊಳೆಯುವ ಮೈಯಲ್ಲಿ ಫ್ಲಾಶ್ ಬೆಳಕು ಬಿಳಿ ಚುಕ್ಕೆಯಾಗಿ ಕೂರಬಾರದೆಂದು ಸುತ್ತಲೂ ಬಿಳಿ ಪ್ಲಾಸ್ಟಿಕ್ ಲೋಟ ಕತ್ತರಿಸಿ ಇಟ್ಟೆ. ಕ್ಯಾಮೆರಾ ಕೂರುವ ಕಬ್ಬಿಣದ ಪಟ್ಟಿಯನ್ನು ಮುಧೋಳದ ಒಂದು ಲೇಥ್ ಅಂಗಡಿಯಲ್ಲಿ ಮೊದಲೇ ಮಾಡಿಸಿದ್ದೆ. ಎಲ್ಲ ತಯಾರಾಯಿತು. ಕ್ಯಾಮೆರಾದ ಪರದೆ ನೋಡಿದರೆ, ಸತ್ತ ಹುಳ ಜೀವ ಬಂದಂತೆ ನಡುಗುತ್ತಿತ್ತು.

ಮಗ್ಗಗಳು. ನಾನು ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದ ಸದ್ದು ಗೋಡೆ, ನೆಲ, ಮೇಜು ಹಾದು ಪಿನ್ನಿನ ತುದಿಗೆ ಬಂದು ಮುಟ್ಟುತ್ತಿತ್ತು.

ಫ್ಲಾಶ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮಿಂಚಿ ಹೋಗುವುದರಿಂದ ಬಿಡಿ ಫೋಟೋಗಳು ಸರಿಯಾಗಿಯೇ ಬರುತ್ತಿದ್ದವು. ತೊಂದರೆ ಇದ್ದದ್ದು ಒಂದಕ್ಕೂ ಇನ್ನೊಂದಕ್ಕೂ ನಡುವೆ. ಹುಳ ಪಕ್ಕಕ್ಕೆ ಸರಿದರೆ ಕಂಪ್ಯೂಟರ್ ಹೊಂದಿಸಿಕೊಳ್ಳುತ್ತದೆ. ಹಿಂದೆ ಮುಂದೆ ಸರಿದರೆ ಒಂದು ಪದರವೇ ತಪ್ಪಿಹೋಗುತ್ತದೆ, ಮೀಸೆ ಬೇರೆಯಾಗಿ ಅಲುಗಿದರೆ ಒಂದು ಮೀಸೆ ಎರಡಾಗುತ್ತದೆ. ಮೊದಲ ಸಲ ಬಂದ ಚಿತ್ರದಲ್ಲಿ ಮುಖದ ನಡುವೆ ಮಂಜಿನ ಪಟ್ಟೆಗಳಿದ್ದವು. ಎಲ್ಲವನ್ನೂ ನೆಲಕ್ಕಿಳಿಸಿ, ಸ್ಕೂಟರಿನ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಅದರ ಮೇಲೆ ಹಲಗೆಯಿಟ್ಟೆ. ನಡುಕ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಒಂದು ರವಿವಾರ ಕರೆಂಟ್ ಹೋಯಿತು, ಓಣಿಯ ಮಗ್ಗಗಳೆಲ್ಲ ನಿಂತವು. ನನ್ನ ಕ್ಯಾಮೆರಾ, ಫ್ಲಾಶ್ ಎರಡೂ ಬ್ಯಾಟರಿಯವು. ಓಡಿಹೋಗಿ ಕೂತು ಐವತ್ತಮೂರು ಫೋಟೋ ತೆಗೆದೆ. ಕರೆಂಟ್ ಬಂತು.

ಊಟಕ್ಕೆ ಕೂತಾಗ ಮಾವನವರು ಕೇಳಿದರು, "ಏನಾತವಾ ನನ್ನ ಹುಳದ್ದು?"

"ಮಗ್ಗಾ ನಡದಾಗ ಆಗೂದಿಲ್ಲರಿ ಮಾವಾರ. ಅಮಾಸಿಗೆ ಎಲ್ಲಾರೂ ಬಂದ್ ಇಡ್ತಾರಲ್ಲ, ಅವತ್ತ ತಗೀತೇನಿ."

"ಎಷ್ಟೊತ್ತ ಬೇಕು ನಿನಗ?"

"ಹದಿನೈದ ಮಿನಿಟ. ಭಾಳಂದ್ರ ಇಪ್ಪತ್ತ."

ಅವರು ಊಟ ಮುಗಿಸಿ ಎದ್ದರು. ತಾಟು ತೊಳೆದಿಟ್ಟು ಹೊರಗೆ ಹೋದರು. ಲಾಳಿ ಓಡುತ್ತಿರುವಾಗ ಮಗ್ಗ ನಿಲ್ಲಿಸುವ ಮನುಷ್ಯರಲ್ಲ ಅವರು. ಮನೆಗೆ ಬೀಗರು ಬಂದರೂ ಶೆಡ್ಡಿನ ಬಾಗಿಲಲ್ಲೇ ನಿಂತು ಮಾತಾಡಿಸಿ ಕಳಿಸಿದ್ದನ್ನು ನೋಡಿದ್ದೇನೆ. ಅರ್ಧ ತಾಸಿನ ಮೇಲೆ ಬಂದು ಹೇಳಿದರು, "ನಾಳೆ ಒಂದಕ್ಕ ನಾಕೂ ಮನ್ಯಾವ್ರು ಒಮ್ಮಿಗೇ ಉಣ್ಣಾಕ ಕುಂಡರ್ತೀವಿ. ನೀ ತಯ್ಯಾರಿರು."

ಮರುದಿನ ಕಾಲೇಜಿಗೆ ರಜೆ ಹಾಕಿದೆ. ಹನ್ನೆರಡೂವರೆಯಿಂದಲೇ ನೆಲದ ಮೇಲೆ ಕೂತು, ಮೆತ್ತನೆಯ ಬ್ರಷ್ಷಿನಿಂದ ಹುಳದ ಮೈಯ ಧೂಳು ತೆಗೆದೆ. ಒಂದು ಗಂಟೆಗೆ ಎಡಗಡೆಯ ಮನೆಯ ಮಗ್ಗಗಳು ನಿಂತವು. ಆಮೇಲೆ ಹಿಂದಿನ ಮನೆಯವು, ಬಲಗಡೆಯವು. ಕೊನೆಗೆ ನಮ್ಮವು, ಒಂದೊಂದಾಗಿ. ಕೆಲಸದ ದಿನದ ನಡುಮಧ್ಯಾಹ್ನ ನಮ್ಮ ಮನೆಯಲ್ಲಿ ಗಡಿಯಾರದ ಮುಳ್ಳಿನ ಸದ್ದು ಕೇಳಿಸಿತು. ಯಾರದೋ ಮನೆಯಲ್ಲಿ ರೊಟ್ಟಿ ಮುರಿದದ್ದು ಕೂಡ ಕೇಳಿದಂತಾಯಿತು. ಪರದೆಯ ಮೇಲೆ ಕಣಜ ಕಲ್ಲಿನ ಹಾಗೆ ನಿಂತಿತ್ತು.

ಸ್ಕ್ರೂವನ್ನು ಅದರ ತಲೆಯ ಮೇಲೆ ಕೊರೆದ ಗುರುತಿನಲ್ಲಿ ನಾಲ್ಕು ಗೆರೆ ತಿರುವುವುದು, ಕೈ ತೆಗೆಯುವುದು, ಐದು ಎಣಿಸುವುದು, ರಿಮೋಟ್ ಒತ್ತುವುದು. ಮತ್ತೆ ನಾಲ್ಕು ಗೆರೆ. ನಡುವೆ ಉಸಿರು ಬಿಡಲೂ ಹೆದರಿಕೆ. ಮಾವನವರು ನನ್ನ ಕೋಣೆಯ ಬಾಗಿಲಾಚೆ ಊಟದ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಉಣ್ಣುತ್ತಿರಲಿಲ್ಲ, ತಾಟಿನ ಸದ್ದಾದೀತೆಂದು. ಎಂಬತ್ತನೆಯದು ಮುಗಿದಾಗ ನಾನು ತಲೆಯೆತ್ತಿ, "ಆತರಿ" ಎಂದೆ. ಅವರು ಅಲ್ಲಿಂದಲೇ ಪಕ್ಕದ ಮನೆಗೆ ಕೂಗಿ ಹೇಳಿದರು. ಐದು ನಿಮಿಷದಲ್ಲಿ ಓಣಿ ಮತ್ತೆ ಮೊದಲಿನಂತಾಯಿತು.

ನನ್ನ ಲ್ಯಾಪ್‌ಟಾಪ್ ಹಳೆಯದು, ಚಿತ್ರ ಹೊಂದಿಸಲು ಮುಕ್ಕಾಲು ತಾಸು ತೆಗೆದುಕೊಂಡಿತು. ಮೀಸೆಯೊಂದು ಕಣ್ಣಿನ ಮುಂದೆ ಹಾದುಹೋಗುವಲ್ಲಿ ಅಂಚು ಸ್ವಲ್ಪ ಕಲಸಿಕೊಂಡಿತ್ತು. ಅಷ್ಟನ್ನು ಮೂಲ ಫೋಟೋದಿಂದ ಎತ್ತಿ ಕೈಯಿಂದ ಸರಿಮಾಡಿದೆ. ಸಂಜೆ ಮಾವನವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಚಾಳೀಸು ಕನ್ನಡಕ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

ಮೊದಲು ಒಂದು ಬಿಡಿ ಫೋಟೋ ತೋರಿಸಿದೆ. "ಇದರಾಗ ಏನೂ ಇಲ್ಲಲ್ಲವಾ," ಎಂದರು. ಎಂಬತ್ತನ್ನೂ ಸಾಲಾಗಿ ಓಡಿಸಿದೆ. ಸ್ಪಷ್ಟತೆಯ ಒಂದು ಗೆರೆ ಮೀಸೆಯ ತುದಿಯಲ್ಲಿ ಹುಟ್ಟಿ, ಹಣೆಯನ್ನು ಹತ್ತಿ, ಕಣ್ಣುಗಳ ಮೇಲೆ ಸಾಗಿ, ಕತ್ತಿನ ಹಿಂದೆ ಮುಳುಗಿತು. ಅವರು ಇನ್ನೊಮ್ಮೆ ಓಡಿಸಲು ಹೇಳಿದರು. ಆಮೇಲೆ ಕೂಡಿಸಿದ ಚಿತ್ರ ತೆರೆದೆ.

ಅದನ್ನು ಮೊದಲು ನೋಡಿದಾಗ ನನಗೆ ಆದದ್ದೇ ಅವರಿಗೂ ಆಯಿತು. ಕುರ್ಚಿಯಿಂದ ಮುಂದಕ್ಕೆ ಬಾಗಿ ಪರದೆಗೆ ಮುಖ ಹತ್ತಿರ ತಂದರು. ಮುಖದ ತುಂಬ ಸಣ್ಣ ಸಣ್ಣ ಗುಳಿಗಳು, ದರ್ಜಿಯವರು ಬೆರಳಿಗೆ ಹಾಕಿಕೊಳ್ಳುವ ಟೋಪಿಯ ಮೇಲೆ ಇರುವಂಥವು. ಒಂದೊಂದು ಗುಳಿಯ ತಳ ನೀಲಿ, ಅಂಚು ಹಸಿರು, ಎಲ್ಲೋ ಕೆಲವಕ್ಕೆ ತಾಮ್ರದ ಹೊಳಪು. ಕಣ್ಣಿನ ಜೇನುಗೂಡಿನಂಥ ಸಾವಿರ ಮನೆಗಳು ಸಾಲು ತಪ್ಪದೆ ಕೂತಿದ್ದವು. ಮೂರು ಮಿಲಿಮೀಟರಿನ ಆಳದಲ್ಲಿ ಎಲ್ಲಿ ನೋಡಿದರೂ ಮಂಜಿಲ್ಲ.

"ಇದಕ್ಕ ಯಾವ ಬಣ್ಣಾ?" ಎಂದು ಕೊನೆಗೆ ಕೇಳಿದರು. ಬಣ್ಣದ ಹಂಡೆಯಲ್ಲಿ ನೂಲು ಮುಳುಗಿಸಿದ ಕೈ ಅವರದು.

"ಬಣ್ಣಾ ಇಲ್ಲರಿ. ಚರ್ಮದಾಗ ತೆಳ್ಳನ ಪದರ ಅದಾವು. ಬೆಳಕು ಅದರಾಗ ಬಡದು ಹೊಳ್ಳಿ ಬರೂ ಮುಂದ ಹಿಂಗ ಕಾಣಸ್ತೈತಿ."

"ಅಂದ್ರ ತೊಳದ್ರ ಹೋಗೂದಿಲ್ಲ."

"ಇಲ್ಲರಿ."

ನಾನು ಇನ್ನೊಂದು ಮಾತು ಹೇಳಿದೆ. ಹೀಗೆ ಎಲ್ಲವೂ ಒಟ್ಟಿಗೆ ಸ್ಪಷ್ಟವಾಗಿ ಈ ಮುಖವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಯಾರಿಗೂ ಒಮ್ಮೆಗೆ ಕಾಣುವುದಿಲ್ಲ, ಇದು ಹದಿನೈದು ನಿಮಿಷದಲ್ಲಿ ತೆಗೆದ ಎಂಬತ್ತು ನೋಟ ಕೂಡಿದ್ದು ಎಂದೆ. ಅವರು ಬೆರಳಿನಿಂದ ಗುಳಿಗಳ ಸಾಲನ್ನು ಹಿಂಬಾಲಿಸತೊಡಗಿದರು. "ಅದು ಹಂಗ ಇತ್ತಲ್ಲವಾ, ನಾವು ನೋಡೂಕಿಂತ ಮೊದಲೂ," ಎಂದರು. "ನಮ್ಮ ಕಣ್ಣಿಗಿ ಕಂಡಿದ್ದಿಲ್ಲ ಅಷ್ಟ."

ನಾನು ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಹೇಳಲು ಒದ್ದಾಡಿದ್ದು ಅದೇ ಮಾತು.

ಆಗ ಅವರ ಬೆರಳು ಪರದೆಯ ಒಂದು ಕಡೆ ನಿಂತಿತು. ಎಡಮೀಸೆಯ ಬುಡಕ್ಕೆ ಬಿಳಿಯದೊಂದು ಸುತ್ತಿಕೊಂಡಿತ್ತು. ಚಪ್ಪಟೆ ಪಟ್ಟಿ, ಉದ್ದಕ್ಕೂ ತಿರುಚಿಕೊಂಡದ್ದು. "ಈ ಹಗ್ಗಾ ಏನಿದು?"

ಬ್ರಷ್ಷಿಗೆ ಸಿಗದೆ ಉಳಿದುಕೊಂಡ ಅದನ್ನು ಕಂಡು ನನಗೆ ಮಧ್ಯಾಹ್ನ ಸಿಟ್ಟು ಬಂದಿತ್ತು. "ಹತ್ತೀದರಿ. ಶೆಡ್ಡಿನಾಗ ಹಾರತೈತಲ್ಲ, ಅದರಾಗಿನ ಒಂದ ನಾರು. ತಗದ ಬಿಡ್ತೇನಿ, ಕಂಪ್ಯೂಟರದಾಗ ಅಳಸಾಕ ಬರ್ತೈತಿ."

ಅವರು ನನ್ನ ಕೈ ತಡೆದರು. ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹನ್ನೆರಡು ವರ್ಷದವರಿದ್ದಾಗ ಮಗ್ಗಕ್ಕೆ ಕೂತವರು. ನೂಲು ಅವರ ಕೈಯಲ್ಲಿ ಹಾದುಹೋಗದ ದಿನ ಇಲ್ಲ. ಹಾಸಿನ ಸಾವಿರಾರು ಉದ್ದೆಳೆಗಳಲ್ಲಿ ಒಂದು ಕಡಿದರೆ ನೋಡದೆಯೇ ಗುರುತಿಸಬಲ್ಲರು.

"ಹತ್ತಿ ಹಿಂಗ ಇರ್ತೈತಿ?" ಎಂದರು. "ದುಂಡಗ ಇರ್ತೈತಿ ಅಂತ ತಿಳಿದಿದ್ನಿ."

"ಗಿಡದಾಗ ಹಸೀದಿದ್ದಾಗ ದುಂಡಗ ಇರ್ತೈತರಿ. ಒಣಗಿದ ಮ್ಯಾಲ ಚಪ್ಪಟಿ ಆಗಿ ತಿರುವಿಕೊಂತೈತಿ. ತಿರುವಿಕೊಂಡದ್ದಕ್ಕ ಒಂದಕ್ಕೊಂದು ಹಿಡಕೊಂಡು ನೂಲಾಗೂದು."

ಅವರು ನೋಡುತ್ತ ಕೂತರು. ಅವರ ಅಂಗಿಯ ತೋಳಿನ ಮೇಲೆ, ಹುಬ್ಬಿನ ಮೇಲೆ, ಅಂಥವೇ ನಾರುಗಳು ಎಷ್ಟೋ ಇದ್ದವು. ಅತ್ತೆ ಚಹಾ ತಂದಿಟ್ಟರು, ಅದು ಆರಿಹೋಯಿತು.

"ಅಳಸಬ್ಯಾಡ," ಎಂದು ಎದ್ದರು. ಸ್ವಲ್ಪ ಹೊತ್ತಿಗೆ ಮೂರು ಮನೆಯ ನೇಕಾರರನ್ನೂ ಕರೆದುಕೊಂಡು ಬಂದರು. ಊಟದ ಹೊತ್ತು ನನಗೆ ಬಿಟ್ಟುಕೊಟ್ಟವರು ಅವರು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಪರದೆಯ ಮುಂದೆ ಸಾಲಾಗಿ ನಿಂತರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಮಾವನವರು ಶುರುಮಾಡಿದ್ದರು. ಮೀಸೆಯ ತುದಿಯಿಂದ ಹಿಡಿದು, ಪದರದಿಂದ ಪದರಕ್ಕೆ, ಹತ್ತಿಯ ನಾರಿನವರೆಗೆ, ಒಂದನ್ನೂ ಬಿಡದೆ ಅವರಿಗೆ ಹೇಳಿದರು.