ಆಷಾಢದ ಗಿರಾಕಿ

ಪಾಂಡವಪುರದ ಶಹಾಬುದ್ದೀನರ ಪ್ರಿಂಟಿಂಗ್ ಅಂಗಡಿಯಲ್ಲಿ ಯಶಸ್ವಿನಿ ಡಿಸೈನರ್. ಹಗಲೆಲ್ಲ ಅಂಗಡಿಯ ಫ್ಲೆಕ್ಸು, ಸಂಜೆ ಮನೆಯಲ್ಲಿ ಸ್ವಂತ ಗಿರಾಕಿಗಳ ಮದುವೆ ಕಾರ್ಡು. ವೈಶಾಖದಲ್ಲಿ ನಾಗಮಂಗಲದಿಂದಲೂ ಮದುವೆ ಮನೆಯವರು ಮುಗಿಬಿದ್ದಾಗ, ಕೆಲಸ ಬಿಟ್ಟು ಸ್ವಂತಕ್ಕೇ ನಿಲ್ಲುತ್ತೇನೆಂದು ಹೇಳಿಯೇಬಿಟ್ಟಳು.

“ಆತುರ ಬ್ಯಾಡ ಕಣವ್ವ,” ಎಂದರು ಶಹಾಬುದ್ದೀನ್. “ಆಷಾಢದಲ್ಲಿ ಯಾರು ಮದ್ವೆ ಮಾಡ್ತಾರೆ? ಆಗ ಸಂಬಳಾನೂ ಇರಲ್ಲ. ಆಷಾಢದಲ್ಲೂ ನಿಂಗೆ ಒಂದು ಮದ್ವೆ ಕಾರ್ಡು ಬಂದ್ರೆ, ನಾನೇ ನಗ್ತಾ ಕಳಿಸ್ಬುಡ್ತೀನಿ.”

ಅವಳು ಒಳಗೊಳಗೇ ಉರಿದುಕೊಂಡು ಕೆಲಸದಲ್ಲೇ ಉಳಿದಳು. ಆಷಾಢ ಬಂತು. ಹಾಳು ಫೋನು ನಿಜಕ್ಕೂ ತೆಪ್ಪಗಾಯಿತು.

ಒಂದು ಬೆಳಿಗ್ಗೆ ಶಹಾಬುದ್ದೀನ್ ಮಿಠಾಯಿ ಡಬ್ಬ ಹಿಡಿದು ಬಂದರು. “ನಮ್ ಜಾಸ್ಮಿನ್ ಶಾದಿ ಗೊತ್ತಾಯ್ತು ಕಣವ್ವ. ಬೇಗ ಕಾರ್ಡು ಮಾಡ್ಕೊಡು.”

“ಅಂಗಡಿ ಕೆಲ್ಸವಾ ಭಾಯ್?”

“ಮಗಳ ಮದ್ವೇನ ನಿನ್ ಸಂಬಳದಲ್ಲಿ ಸೇರ್ಸಕ್ಕಾಯ್ತದಾ? ನಿನ್ ರೇಟು ಹೇಳು.”

ಯಶಸ್ವಿನಿ ಕುರ್ಚಿಯಿಂದ ಚಂಗನೆ ಎದ್ದಳು. ಆಷಾಢವೇ ಇಲ್ಲದ ಅರ್ಧ ಪೇಟೆ ಇಷ್ಟು ದಿನ ಕಣ್ಣೆದುರಿಗೇ ಇತ್ತು! “ಇದು ಯಾವ ಮಾಸ ಭಾಯ್?”

ಶಹಾಬುದ್ದೀನ್ ಹಣೆ ಚಚ್ಚಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

“ಹೋಗವ್ವ, ಮಾತು ಮಾತೇ! ಆದ್ರೆ ನಿನ್ ಕಾರ್ಡೆಲ್ಲ ನನ್ ಅಂಗಡೀಲೇ ಪ್ರಿಂಟ್ ಹಾಕ್ಸು.”

“ಹಾಕಿಸ್ತೀನಿ. ನಿಮ್ ರೇಟು ಹೇಳಿ.”