ನೆಕ್ಸ್ಟ್ ಅಂದದ್ದಕ್ಕೆಲ್ಲ ಟಿಕ್

ಆ ಭಾನುವಾರ ಮರಿಲಿಂಗಪ್ಪ ಬಾಗಿಲ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ತೊಡೆಯ ಮೇಲೆ ವಹಿ ತೆರೆದಿತ್ತು. ಎದುರಿಗೆ ಶಿವರಂಜನಿ ನಿಂತಿದ್ದಳು. ಕೂತರೆ ವೈವಾದ, ಅಂದರೆ ಬಾಯಿಪರೀಕ್ಷೆಯ, ಉತ್ತರ ಬಾಯಿಗೆ ಬರುವುದಿಲ್ಲ ಎಂದು ಅವನು ಯಾವ ಹುಡುಗಿಯನ್ನೂ ಕೂಡಿಸುತ್ತಿರಲಿಲ್ಲ. ಒಳಗೆ ಅವನ ಹೆಂಡತಿ ದೇವಕಮ್ಮ ಹೊಲಿಗೆ ಮಷಿನ್ ತುಳಿಯುತ್ತಿದ್ದಳು.

ಮರಿಲಿಂಗಪ್ಪ ಯಾದಗಿರಿಯ ಮೆಡಿಕಲ್ ಕಾಲೇಜಿನಲ್ಲಿ ಅಟೆಂಡರ್. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವ ಫಿಜಿಯಾಲಜಿ ವಿಭಾಗ ಅವನದು. ಅದಕ್ಕೂ ಮೊದಲು ಬೇರೆ ಊರಿನ ಒಂದು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಇದೇ ಕೆಲಸ. ವೈವಾ ದಿನ ಬಾಗಿಲಲ್ಲಿ ನಿಂತು ನಂಬರ್ ಕೂಗುವವನು ಅವನೇ. ಒಳಗೆ ಪರೀಕ್ಷಕರು ಕೇಳುವುದು, ಹುಡುಗರು ತೊದಲುವುದು, ಎರಡೂ ಅವನ ಕಿವಿಗೆ ಬೀಳುತ್ತಿದ್ದವು. ಅದನ್ನೆಲ್ಲ ಕನ್ನಡ ಅಕ್ಷರದಲ್ಲಿ ವಹಿಯಲ್ಲಿ ಬರೆದಿಟ್ಟಿದ್ದ. ಪುಟದ ಮೇಲೆ ತಾರೀಖು, ಹೊರಗಿನಿಂದ ಬಂದ ಪರೀಕ್ಷಕರ ಊರು. ಕೆಳಗೆ ಪ್ರಶ್ನೆ, ಉತ್ತರ. ಪರೀಕ್ಷಕರು ಬೈದರೆ ಕಾಟು ಹೊಡೆದು ಅವರೇ ಹೇಳಿದ ಸರಿ ಉತ್ತರ ಬರೆಯುತ್ತಿದ್ದ. ತಲೆಯಾಡಿಸಿ "ನೆಕ್ಸ್ಟ್" ಅಂದರೆ ಟಿಕ್.

ಶಿವರಂಜನಿ ಕೆಂಭಾವಿಯವಳು. ಅದೇ ಕಾಲೇಜಿನಲ್ಲಿ ಎಂಬಿಬಿಎಸ್ ಮೊದಲ ವರ್ಷ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಇವರ ಮುಂದಿನ ಕೋಣೆಯಲ್ಲಿ ಆಮೀನಾ ಎಂಬ ಗೆಳತಿಯ ಜೊತೆ ಬಾಡಿಗೆಗೆ ಇದ್ದಳು. ವೈವಾಕ್ಕೆ ಎಂಟು ದಿನ ಉಳಿದಿತ್ತು.

ಮರಿಲಿಂಗಪ್ಪ ಕೇಳಿದ, ಕಂಪ್ಲಯನ್ಸ್ ಅಂದರೇನು. ಶ್ವಾಸಕೋಶ ಎಷ್ಟು ಸಲೀಸಾಗಿ ಹಿಗ್ಗುತ್ತದೆ ಎನ್ನುವ ಲೆಕ್ಕ, ಒತ್ತಡ ಒಂದು ಸೆಂಟಿಮೀಟರ್ ನೀರಿನಷ್ಟು ಬದಲಾದರೆ ಎಷ್ಟು ಗಾಳಿ ಹೆಚ್ಚಾಗುತ್ತದೆ ಎನ್ನುವುದು, ಎಂದಳು. ಎಷ್ಟು? ಎರಡೂ ಶ್ವಾಸಕೋಶ ಸೇರಿ ಇನ್ನೂರು ಮಿಲಿ. ಎದೆಗೂಡನ್ನೂ ಸೇರಿಸಿದರೆ? ಹೆಚ್ಚುಕಡಿಮೆ ಅದರ ಅರ್ಧ. ಫೈಬ್ರೋಸಿಸ್ ಆದವರಿಗೆ, ಅಂದರೆ ಶ್ವಾಸಕೋಶ ನಾರುಗಟ್ಟಿದವರಿಗೆ? ಕಡಿಮೆ. ಬೀಡಿ ಸೇದಿ ಸೇದಿ ಎಂಫಿಸಿಮಾ ಆದವರಿಗೆ? ಅವಳು ತಡವರಿಸಿದಳು. ಮರಿಲಿಂಗಪ್ಪ ವಹಿ ನೋಡಿ ತಾನೇ ಹೇಳಿದ.

"ಕಡಿಮಿ. ರೋಗ ಬಂದ್ಮ್ಯಾಲ ಎಲ್ಲಾ ಕಡಿಮಿನ ಅಲ್ಲೇನವಾ?"

ಒಳಗಿನಿಂದ ಆಮೀನಾ, ಹಂಗಾದರೆ ಫಿಜಿಯಾಲಜಿ ಬಂದಮೇಲೆ ನಮ್ಮ ತಲೆಕೂದಲೂ ಕಡಿಮಿ ಆಗ್ಯಾವ ಕಾಕಾ, ಎಂದಳು. ಮರಿಲಿಂಗಪ್ಪ ನಗಲಿಲ್ಲ. ಅದು ಬೇರೆ ಪೇಪರಿನ ಪ್ರಶ್ನೆ ಎಂದ. ಸುಲಿದ ಬೆಳ್ಳುಳ್ಳಿ ಹೆಂಡತಿಯ ಕೈಗೆ ಕೊಟ್ಟು, ಮಧ್ಯಾಹ್ನ ಪುಂಡಿಪಲ್ಯ ಉಂಡು ಮಲಗಿದ.

ಸೋಮವಾರ ರಜೆ ಹಾಕಿ ದೋರನಹಳ್ಳಿಯ ತಂಗಿಯ ಮನೆಗೆ ಹೊರಟ. ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಹೇಳಿದ. ಚಹಾ ಬರುವಷ್ಟರಲ್ಲಿ ಬಿದ್ದ. ಹೃದಯ ಎಂದರು. ಇಪ್ಪತ್ತೆರಡು ವರ್ಷ ಡಾಕ್ಟರುಗಳ ನಡುವೆ ನಿಂತಿದ್ದವನು ಬಿದ್ದಾಗ ಹತ್ತಿರ ಇದ್ದವನು ಕಡ್ಲಿಬೀಜ ಮಾರುವವನು.

ಮಣ್ಣು ಮಾಡಿ ಬಂದರು. ಜನ ಬಂದರು, ಅತ್ತರು, ಹೋದರು. ದೇವಕಮ್ಮ ಹನ್ನೊಂದನೆಯ ದಿನ ಮಷಿನ್ ಮುಂದೆ ಕೂತಳು. ಹೊಲಿಯಲು ಕೊಟ್ಟವರು ಕಾಯುತ್ತಿದ್ದರು.

ಅಷ್ಟರಲ್ಲಿ ಶಿವರಂಜನಿಯ ಪರೀಕ್ಷೆ ಮುಗಿದಿತ್ತು. ಫಲಿತಾಂಶ ಬಂದಾಗ ಆಮೀನಾ ಪಾಸ್, ಶಿವರಂಜನಿ ಫಿಜಿಯಾಲಜಿಯಲ್ಲಿ ಫೇಲ್. ಬರೆಯುವ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಪ್ರಾಕ್ಟಿಕಲ್ ಮತ್ತು ವೈವಾ ಸೇರಿ ಎರಡು ಅಂಕ ಕಡಿಮೆ ಬಿದ್ದಿತ್ತು. ಇನ್ನೊಂದು ಅವಕಾಶ ಇತ್ತು, ಸಪ್ಲಿಮೆಂಟರಿ. ಅದರಲ್ಲೂ ಹೋದರೆ ಜೊತೆಯವರೆಲ್ಲ ಎರಡನೆಯ ವರ್ಷಕ್ಕೆ ಹೋಗುತ್ತಾರೆ, ಇವಳು ಹೊಸದಾಗಿ ಬಂದವರ ಸಂಗಡ ಮತ್ತೆ ಮೊದಲ ವರ್ಷದಲ್ಲಿ ಕೂಡಬೇಕು. ಕೆಂಭಾವಿಯಲ್ಲಿ ಅವಳಪ್ಪ ಆಗಲೇ ಮಗಳನ್ನು ಡಾಕ್ಟರಮ್ಮ ಎಂದು ಕರೆಯಲು ಶುರು ಮಾಡಿದ್ದ.

ಅವಳು ಎರಡು ದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ದೇವಕಮ್ಮ ರೊಟ್ಟಿ ತಟ್ಟೆ ಹಿಡಿದು ಬಾಗಿಲು ಬಡಿದಳು. ಇನ್ನೊಂದು ಕೈಯಲ್ಲಿ ವಹಿ.

"ನಾಕನೇ ಇಯತ್ತಾ ತನಕ ಸಾಲಿ ಓದೇನಿ. ಅಕ್ಷರ ಕೂಡಿಸಿ ಕೇಳ್ತೀನಿ. ನೀ ನಿಂತು ಹೇಳು."

ಅವತ್ತಿನಿಂದ ಸಂಜೆ ಸಂಜೆ ಕೇಳತೊಡಗಿದಳು. ಸರ್ಫ್ಯಾಕ್ಟೆಂಟ್ ಎನ್ನುವುದನ್ನು ಮೂರು ತುಂಡು ಮಾಡಿ ಓದಿದಳು. ಹುಡುಗಿ ಹೇಳಿದಳು: ಶ್ವಾಸಕೋಶದೊಳಗಿನ ಗಾಳಿಗುಳ್ಳೆಗಳ ಒಳಮೈಗೆ ಸವರಿದಂತೆ ಇರುವ ಕೊಬ್ಬಿನ ಜಿಡ್ಡು. ಅಲ್ಲಿನ ನೀರಿನ ಪದರ ಗುಳ್ಳೆಯನ್ನು ಒಳಗೆ ಎಳೆಯುತ್ತಿರುತ್ತದೆ, ಈ ಜಿಡ್ಡು ಆ ಎಳೆತ ಕಡಿಮೆ ಮಾಡುತ್ತದೆ. ಇಲ್ಲದಿದ್ದರೆ ಸಣ್ಣ ಗುಳ್ಳೆ ಮುಚ್ಚಿಕೊಳ್ಳುತ್ತದೆ, ಏಕೆಂದರೆ ಗುಳ್ಳೆ ಸಣ್ಣದಾದಷ್ಟೂ ಒಳಗಿನ ಒತ್ತಡ ಹೆಚ್ಚು. ದಿನ ತುಂಬದೆ ಹುಟ್ಟಿದ ಕೂಸಿಗೆ ಈ ಜಿಡ್ಡು ಸಾಲದೆ ಉಸಿರಿಗೆ ತ್ರಾಸಾಗುತ್ತದೆ.

ದೇವಕಮ್ಮನ ಮೊದಲ ಕೂಸು ಏಳು ತಿಂಗಳಿಗೆ ಹುಟ್ಟಿತ್ತು. ಒಂದು ದಿನ ಇತ್ತು. ಪಕ್ಕೆಲುಬಿನ ಸಂದು ಒಳಗೆ ಹೋಗುತ್ತಿದ್ದುದು ಅವಳಿಗೆ ನೆನಪಿದೆ. ಮುಂದಿನ ಪ್ರಶ್ನೆ ಕೇಳಿದಳು.

ಉಸಿರಾಟದ ಕೆಲಸ ಎಷ್ಟು ಬಗೆ? ಶ್ವಾಸಕೋಶದ ಎಳೆತ ಮೀರಿ ಹಿಗ್ಗಿಸುವುದು, ಅಂಗಾಂಶದ ಜಿಗುಟು ಮೀರುವುದು, ಕೊಳವೆಯ ತಡೆ ಮೀರಿ ಗಾಳಿ ಓಡಿಸುವುದು, ಮೂರು. ಸುಮ್ಮನೆ ಕೂತಾಗ ಇದಕ್ಕೆ ಮೈಯ ಶಕ್ತಿಯಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಸಾಕು. ಫೈಬ್ರೋಸಿಸ್ ಆದವರು ಏಕೆ ಚಿಕ್ಕಚಿಕ್ಕ ಉಸಿರು ಬೇಗಬೇಗ ತೆಗೆಯುತ್ತಾರೆ? ಬಿಗಿಯಾದದ್ದನ್ನು ಪೂರ್ತಿ ಹಿಗ್ಗಿಸುವುದು ದುಬಾರಿ, ಸ್ವಲ್ಪ ಸ್ವಲ್ಪ ಹಿಗ್ಗಿಸುವುದು ಅಗ್ಗ. ಅಸ್ತಮಾದವರಿಗೆ? ಕೊಳವೆ ಇಕ್ಕಟ್ಟು, ಜೋರು ಓಡಿಸಿದಷ್ಟೂ ತಡೆ ಹೆಚ್ಚು. ನಿಧಾನವಾಗಿ ದೊಡ್ಡ ಉಸಿರು ತೆಗೆದರೆ ಕೆಲಸ ಕಡಿಮೆ.

ಎಲ್ಲ ನೀರು ಕುಡಿದಂತೆ ಹೇಳುತ್ತಿದ್ದ ಹುಡುಗಿ ಒಂದು ಪ್ರಶ್ನೆಗೆ ಮಾತ್ರ ನಿಲ್ಲುತ್ತಿದ್ದಳು. ಎಂಫಿಸಿಮಾದಲ್ಲಿ ಕಂಪ್ಲಯನ್ಸ್? ಮೊದಲ ದಿನ ತಲೆನೋವು ಎಂದಳು. ಎರಡನೆಯ ದಿನ ಬೇರೆ ಕೇಳ್ರಿ ಎಂದಳು. ಮೂರನೆಯ ದಿನ ದೇವಕಮ್ಮ ವಹಿ ಮುಚ್ಚಿದಳು.

"ಅಲ್ಲಿ ಇದನ್ನ ಕೇಳಿದ್ರೇನು?"

"ಹೌದ್ರಿ."

"ಏನಂದಿ?"

"ಕಾಕಾ ಬರ್ದಂಗ. ಕಡಿಮಿ ಅಂದೆ. ಯಾಕ ಅಂದ್ರು. ಸುಮ್ಮ ನಿಂತೆ."

ಪುಸ್ತಕದಲ್ಲಿ ಹೆಚ್ಚು ಎಂದು ಇದೆಯಂತೆ. ಫೇಲಾದ ಮೇಲೆ ನೋಡಿದ್ದಳು. ಹೇಳಲು ಬಾಯಿ ಬಂದಿರಲಿಲ್ಲ. ಮೊನ್ನೆ ಮೊನ್ನೆ ಸತ್ತವನ ತಪ್ಪು ಹಿಡಿಯುವುದು ಹೇಗೆ ಎಂದು ಆಮೀನಾಳನ್ನೂ ಕೇಳಿದ್ದಳಂತೆ. ಆಮೀನಾ, ಸತ್ತವರು ಬಂದು ವೈವಾ ಕೊಡೋದಿಲ್ಲ ಎಂದಿದ್ದಳಂತೆ.

ದೇವಕಮ್ಮನಿಗೆ ಸಿಟ್ಟು ಬಂತು. ಗಂಡನ ಮೇಲಲ್ಲ, ಪುಸ್ತಕದ ಮೇಲೆ. ರೋಗ ಬಂದವನ ಶ್ವಾಸಕೋಶ ಚಲೋ ಇದ್ದವನದಕ್ಕಿಂತ ಸಲೀಸಾಗಿ ಹಿಗ್ಗುವುದೆಂದರೇನು? ಹುಡುಗಿ ಹೇಳಿದಳು, ಎಂಫಿಸಿಮಾದಲ್ಲಿ ಗುಳ್ಳೆಗಳ ಗೋಡೆ ಹರಿದು, ಎಳೆದು ಹಿಡಿಯುವ ನಾರು ಹೋಗಿಬಿಡುತ್ತದೆ ಎಂದು. ದೇವಕಮ್ಮ ಕೇಳಿಸಿಕೊಂಡು ಒಳಗೆ ಹೋದಳು. ರಿಪೇರಿಗೆ ಬಂದ ಒಂದು ಹಳೆಯ ಪೈಜಾಮದಿಂದ ಬಿಚ್ಚಿದ ಇಲಾಸ್ಟಿಕ್ ತಂದಳು, ಬಂಡಲಿನಿಂದ ಹೊಸದೊಂದು ತುಂಡು ಕತ್ತರಿಸಿದಳು. ಎರಡನ್ನೂ ಎಳೆದು ನೋಡಿದಳು. ಹೊಸದು ಎಳೆದಷ್ಟೂ ಬೆರಳು ಕೊಯ್ಯುತ್ತಿತ್ತು. ಹಳೆಯದು ಸುಮ್ಮನೆ ಬಂತು, ಇನ್ನೂ ಬಂತು, ಬಿಟ್ಟಾಗ ವಾಪಸ್ ಹೋಗಲಿಲ್ಲ. ಸತ್ತ ಹುಳದಂತೆ ಕೈಯಲ್ಲಿ ಜೋತಾಡಿತು.

"ಹಿಗ್ಗಾಕ ತ್ರಾಸಿಲ್ಲ. ತಿರುಗಿ ಬರಾಕ ತ್ರಾಸು," ಎಂದಳು. "ಒಳಗ ಹ್ವಾದ ಗಾಳಿ ಹೊರಗ ಬರಂಗಿಲ್ಲ. ಹಂಗೇನು?"

ಹಂಗ ಎಂದಳು ಶಿವರಂಜನಿ. ಅದಕ್ಕೇ ಆ ರೋಗಿಗಳ ಎದೆ ಉಬ್ಬಿ ಪೀಪಾಯಿಯಂತೆ ಆಗುವುದು ಎಂದೂ ಸೇರಿಸಿದಳು. ಪುಸ್ತಕದಲ್ಲಿ ಅದನ್ನು ಹತ್ತು ಸಲ ಓದಿದ್ದಳು. ತಿಳಿದದ್ದು ಈಗ.

ದೇವಕಮ್ಮ ಆ ಪುಟದ ಮೇಲಿನ ತಾರೀಖು ಓದಿದಳು. ಪರೀಕ್ಷಕರ ಊರು ಹೈದರಾಬಾದ್. ಆ ದಿನ ಅವಳಿಗೆ ನೆನಪಿತ್ತು. ಗಂಡ ಬೇಗ ಮನೆಗೆ ಬಂದು, ಇವತ್ತಿನ ಹುಡುಗರು ಭಾಳ ಶಾಣ್ಯಾರು, ಒಬ್ಬರೂ ತಪ್ಪಲಿಲ್ಲ, ಸಾಹೇಬರು ಬರೀ ನೆಕ್ಸ್ಟ್ ನೆಕ್ಸ್ಟ್ ಅಂತ ಎಲ್ಲರನ್ನೂ ಮುಗಿಸಿ ಮಧ್ಯಾಹ್ನದ ಟ್ರೇನಿಗೆ ಹೋದರು, ಎಂದಿದ್ದ. ಪುಟದಲ್ಲಿ ಹನ್ನೊಂದು ಉತ್ತರ, ಹನ್ನೊಂದು ಟಿಕ್.

ಅವಸರದಲ್ಲಿದ್ದ ಮನುಷ್ಯ ಸರಿಗೂ ತಪ್ಪಿಗೂ ಒಂದೇ ಮಾತು ಅಂದಿದ್ದ. ಬಾಗಿಲಲ್ಲಿ ನಿಂತವನು ಅದನ್ನು ಒಪ್ಪಿಗೆ ಎಂದು ತಿಳಿದಿದ್ದ. ಅಷ್ಟು ಓದಿದವರು ತಪ್ಪನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾರೆ ಎನ್ನುವುದು ಮರಿಲಿಂಗಪ್ಪನ ತಲೆಗೆ ಹೊಳೆಯುವಂಥದ್ದಲ್ಲ.

ಇಬ್ಬರೂ ಕೂತು ಹನ್ನೊಂದನ್ನೂ ಪುಸ್ತಕದ ಜೊತೆ ತಾಳೆ ನೋಡಿದರು. ಮೂರು ತಪ್ಪು ಸಿಕ್ಕವು. ಒಂದು ಎಂಫಿಸಿಮಾ. ಎರಡನೆಯದು, ಸರ್ಫ್ಯಾಕ್ಟೆಂಟ್ ಹುಟ್ಟಿಸುವುದು ಒಂದನೇ ಬಗೆಯ ಜೀವಕೋಶ ಎಂದಿತ್ತು. ಹುಟ್ಟಿಸುವುದು ಎರಡನೇ ಬಗೆಯದು. ಮೂರನೆಯದು, ಆರಾಮಾಗಿ ಉಸಿರು ಬಿಡುವಾಗಲೂ ಸ್ನಾಯು ದುಡಿಯುತ್ತವೆ ಎಂದಿತ್ತು. ದುಡಿಯುವುದಿಲ್ಲ, ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗಿ ಗಾಳಿ ಹೊರಗೆ ಹಾಕುತ್ತದೆ.

ತಿದ್ದುವ ಮಾತು ಬಂದಾಗ ಶಿವರಂಜನಿ ಹೊಸ ವಹಿ ತರುತ್ತೇನೆ ಎಂದಳು. ಎಲ್ಲ ಚೊಕ್ಕ ಬರೆದುಬಿಡೋಣ, ಕಾಕಾನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ದೇವಕಮ್ಮ ಪೆನ್ನು ಕೇಳಿದಳು. ಹೊಲಿಗೆಯ ಸ್ಕೇಲು ಇಟ್ಟು ಗಂಡನ ಅಕ್ಷರದ ಮೇಲೆ ಗೆರೆ ಎಳೆದಳು. ಮೊದಲ ಗೆರೆ ಸೊಟ್ಟ ಹೋಯಿತು. ಸ್ಕೇಲು ಇದ್ದೂ ಹೋಯಿತು. ಉಳಿದೆರಡು ನೆಟ್ಟಗೆ ಬಂದವು.

"ತಪ್ಪಿದ್ದು ಕಾಣ್ಲಿ. ಅವ್ರು ಇದ್ರ ಅವ್ರೇ ಕಾಟು ಹೊಡೀತಿದ್ರು."

ಸಪ್ಲಿಮೆಂಟರಿ ದಿನ ಬಾಗಿಲಲ್ಲಿ ಬೇರೆ ಅಟೆಂಡರ್ ನಿಂತಿದ್ದ. ಶಿವರಂಜನಿ ಒಳಗೆ ಹೋದಳು. ಎಂಫಿಸಿಮಾ ಯಾರೂ ಕೇಳಲಿಲ್ಲ. ಆರಾಮಾಗಿ ಉಸಿರು ಬಿಡುವಾಗ ಯಾವ ಸ್ನಾಯು ಕೆಲಸ ಮಾಡುತ್ತದೆ ಎಂದು ಕೇಳಿದರು. ಯಾವುದೂ ಇಲ್ಲ, ಶ್ವಾಸಕೋಶದ ಎಳೆತವೇ ಸಾಕು, ಎಂದಳು. ಖಾತ್ರಿ ಏನು ಎಂದರು. ಖಾತ್ರಿ ಎಂದಳು. ಯಾವಾಗ ಸಾಕಾಗುವುದಿಲ್ಲ? ಓಡುವಾಗ, ಕೆಮ್ಮುವಾಗ, ಮತ್ತೆ ಎಂಫಿಸಿಮಾ ಆದವರಿಗೆ. ಆಗ ಹೊಟ್ಟೆಯ ಸ್ನಾಯು ಒತ್ತಬೇಕು. ಎಂಫಿಸಿಮಾ ಹೆಸರನ್ನು ಅವಳೇ ಎಳೆದು ತಂದಿದ್ದಳು. ಅದನ್ನು ಬಿಡಿಸಿ ಹೇಳು ಎಂದರು. ಹೇಳಿದಳು. ಪೈಜಾಮ ಮಾತ್ರ ಹೇಳಲಿಲ್ಲ.

ಫಲಿತಾಂಶ ಬಂದ ದಿನ ದೇವಕಮ್ಮ ಕಾಜ ಹೊಲಿಯುತ್ತಿದ್ದಳು. ಪಾಸ್ ಎಂದು ಹುಡುಗಿ ಓಡಿ ಬಂದಳು. ದೇವಕಮ್ಮ ದಾರ ಕಡಿದು, ಆತು, ನಿಮ್ಮಪ್ಪಗ ಫೋನ್ ಮಾಡು, ಎಂದಳು. ಹುಡುಗಿ ಅತ್ತಳು. ದೇವಕಮ್ಮನೂ ಅತ್ತಳು, ಬಹಳ ಹೊತ್ತಲ್ಲ.

ಒಂದು ಯೋಚನೆ ಮಾತ್ರ ಉಳಿಯಿತು. ಒಂದು ಪುಟದಲ್ಲಿ ಮೂರು ತಪ್ಪು. ಅಂಥ ಪುಟ ನೂರಾ ಎಂಬತ್ತು. ಅವಸರದ ಪರೀಕ್ಷಕರು ಎಷ್ಟು ಜನ ಬಂದು ಹೋಗಿದ್ದಾರೋ. ಹೊಸ ಹುಡುಗಿಯರು ಆಗಲೇ ವಹಿ ಕೇಳಲು ಬರತೊಡಗಿದ್ದರು. ದೇವಕಮ್ಮ ಯಾರಿಗೂ ಕೊಟ್ಟಿಲ್ಲ.

ಈಗ ಅವಳು ಬೆಳಿಗ್ಗೆ ಎದ್ದು ರೊಟ್ಟಿಗೆ ಎಸರು ಇಡುತ್ತಾಳೆ. ನೀರು ಕುದಿಯುವ ತನಕ ವಹಿಯ ಒಂದು ಪುಟ ಅಕ್ಷರ ಕೂಡಿಸಿ ಜೋರಾಗಿ ಓದುತ್ತಾಳೆ. ಕೋಣೆಯ ಬಾಗಿಲಲ್ಲಿ ಶಿವರಂಜನಿ ಹಲ್ಲುಜ್ಜುತ್ತ ಪುಸ್ತಕ ತಿರುವಿ, ಸರಿ ಅಥವಾ ಅಲ್ಲ ಅನ್ನುತ್ತಾಳೆ. ಸರಿ ಇದ್ದರೆ ಗಂಡನ ಟಿಕ್ಕಿನ ಪಕ್ಕ ದೇವಕಮ್ಮ ತನ್ನದೊಂದು ಹಾಕುತ್ತಾಳೆ. ಅಲ್ಲ ಅಂದರೆ ಸ್ಕೇಲು ತರುತ್ತಾಳೆ. ಆಮೇಲೆ ಹಿಟ್ಟು ನಾದುತ್ತಾಳೆ.