ರಕ್ತದಾನ ಶಿಬಿರದಲ್ಲಿ ನಾನು ಕೈಯೆತ್ತಿದ ದಿನ

ಸೂಜಿ ಎಂದರೆ ನನಗೆ ಪ್ರಾಣಭಯ. ಆದರೂ ಸಿದ್ದಾಪುರದ ಕಡೆಯ ನಮ್ಮೂರ ಶಾಲೆಯಲ್ಲಿ ರಕ್ತದಾನ ಶಿಬಿರ ನಡೆದಾಗ ಮೈಕ್ ಹಿಡಿದು ಕೂಗಿದವನು ನಾನೇ. "ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಿಂಡಿ ತಿಂದೇ ಬನ್ನಿ. ಹದಿನೆಂಟು ತುಂಬಿರಬೇಕು, ನಲವತ್ತೈದು ಕಿಲೋ ತೂಕ ಇರಬೇಕು. ಮೊದಲು ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ, ಬಿ.ಪಿ. ನೋಡುತ್ತಾರೆ. ಸೂಜಿ ಒಬ್ಬರಿಗೆ ಒಂದೇ, ಹೊಸದು. ಚುಚ್ಚುವಾಗ ಒಂದು ಕ್ಷಣ ನೋವು, ಹತ್ತು ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಆಮೇಲೆ ಜ್ಯೂಸ್ ಕುಡಿದು ಸ್ವಲ್ಪ ಹೊತ್ತು ಕೂತು ಹೋಗಿ." ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ನಾನು ಒಮ್ಮೆಯೂ ಕೊಟ್ಟವನಲ್ಲ.

ಕೂಗಲು ಕಾರಣ ನನ್ನ ತಮ್ಮ. ಐದು ದಿನದ ಹಿಂದೆ ಬೇಲಿಯ ಜಗಳದಲ್ಲಿ ಪಕ್ಕದ ಮನೆಯವನು ಅವನ ತೊಡೆಗೆ ಕತ್ತಿ ಬೀಸಿದ್ದ. ಮೂಳೆ ಕಾಣುತ್ತಿತ್ತು, ನಾನು ಬಿಗಿದ ಪಂಚೆಯಿಂದ ರಕ್ತ ತೊಟ್ಟಿಕ್ಕುತ್ತಲೇ ಶಿರಸಿ ಆಸ್ಪತ್ರೆ ಮುಟ್ಟಿದ್ದೆವು. ಇನ್ನೊಂದು ಆಪರೇಷನ್ ಬಾಕಿ ಇತ್ತು. ಅವನ ಗುಂಪಿನ ರಕ್ತ ಅಲ್ಲಿನ ಬ್ಲಡ್ ಬ್ಯಾಂಕಿನಲ್ಲಿ ಮುಗಿಯುತ್ತ ಬಂದಿತ್ತು. ನನ್ನದೂ ಅದೇ ಗುಂಪು.

ಕತ್ತಿ ಬೀಸಿದವನು ಪೊಲೀಸರ ವಶದಲ್ಲಿದ್ದ. ಅವನ ತಮ್ಮ ಶಿಬಿರಕ್ಕೆ ಬಂದು ಫಾರ್ಮ್ ತುಂಬುತ್ತಿದ್ದ. ಕಂಡದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಮೈಕ್ ಎಸೆದು, ಕುತ್ತಿಗೆ ಹಿಡಿದು, ಅವನನ್ನು ಗೋಡೆಗೆ ಅಪ್ಪಳಿಸಿದೆ.

"ನಿನ್ನ ರಕ್ತ ನನ್ನ ತಮ್ಮನ ಮೈಗೆ ಹೋಗೂದಾ?" ಎಂದು ಬಾಯಿಗೇ ಗುದ್ದಿದೆ. ತುಟಿ ಒಡೆದು ಫಾರ್ಮಿನ ಮೇಲೆ ರಕ್ತ ಸುರಿಯಿತು. ಅವನು ಕೈ ಎತ್ತಲಿಲ್ಲ.

"ಹೊಡಿ ಅಣ್ಣ. ಈ ಕೈ ಒಂದು ಬಿಟ್ಟು ಹೊಡಿ. ರಕ್ತ ಕೊಡೂಕೆ ಬೇಕು."

ಅಷ್ಟು ಕೇಳಿಯೂ ಇನ್ನೊಂದು ಹೊಡೆದೆ. ನಾಚಿಕೆಗೇಡು, ಆದರೆ ಸುಳ್ಳು ಹೇಳಲಾರೆ.

ಬ್ಲಡ್ ಬ್ಯಾಂಕಿನಿಂದ ಬಂದಿದ್ದ ನರ್ಸ್ ಓಡಿ ಬಂದು ನಡುವೆ ನಿಂತರು. "ಎಂತ ಮಾಡಿದ್ರಿ ನೀವು? ಇಲ್ಲಿ ತೆಗೆದದ್ದು ಸೀದಾ ನಿಮ್ಮ ತಮ್ಮಂಗೆ ಹಾಕೂದಲ್ಲ. ಬ್ಯಾಂಕಲ್ಲಿ ರೋಗದ ಪರೀಕ್ಷೆ ಆಗಬೇಕು, ಆಮೇಲೆ ಯಾರಿಗೆ ಹೊಂದ್ತದೋ ಅವ್ರಿಗೆ. ಯಾರು ಕೊಟ್ಟದ್ದು ಅಂತ ಹೇಳೂದೂ ಇಲ್ಲ." ಪೆಟ್ಟು ತಿಂದವನ ಬಿ.ಪಿ. ನೋಡಿ ತಲೆಯಾಡಿಸಿದರು. "ಏರಿ ಕೂತಿದೆ. ಬಾಯಲ್ಲಿ ಹಸಿ ಗಾಯ ಬೇರೆ. ಇವತ್ತು ಇವ್ರದ್ದು ತಗೊಳ್ಳೂಕೆ ಆಗೂದಿಲ್ಲ. ಒಂದು ಬಾಟ್ಲಿ ರಕ್ತ ನೀವೇ ಹೊಡೆದು ಹಾಳು ಮಾಡಿದ್ರಿ."

ಶಾಲೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತೆ. ಆಮೇಲೆ ಎದ್ದು ಹೋಗಿ ಫಾರ್ಮ್ ಕೇಳಿದೆ. ನನ್ನ ಬಿ.ಪಿ. ಇಳಿದಿತ್ತು, ಹಿಮೋಗ್ಲೋಬಿನ್ ಸರಿ ಇತ್ತು. ತಪ್ಪಿಸಿಕೊಳ್ಳಲು ನೆಪವೇ ಉಳಿಯಲಿಲ್ಲ. ಮಂಚದ ಮೇಲೆ ಮಲಗಿ, ಸೂಜಿಯನ್ನೇ ನೋಡುತ್ತ ಎಡಗೈ ಚಾಚಿದೆ.

ಪೆಟ್ಟು ತಿಂದವನು ಇನ್ನೂ ಮನೆಗೆ ಹೋಗಿರಲಿಲ್ಲ. ಬಂದು ಪಕ್ಕದಲ್ಲಿ ನಿಂತು, ಅವನ ಬಾಯಿಗೆ ಗುದ್ದಿದ ನನ್ನ ಬಲಗೈಯನ್ನೇ ಹಿಡಿದುಕೊಂಡ. "ಆಚೆ ನೋಡು ಅಣ್ಣ. ಸೂಜಿ ನೋಡಬೇಡ. ಜೋರಾಗಿ ಕೆಮ್ಮು."

ಕೆಮ್ಮಿದೆ. ಅಷ್ಟರಲ್ಲಿ ಎಡಗೈಗೆ ಸೂಜಿ ಇಳಿದಾಗಿತ್ತು.

"ನೋವಾಯ್ತಾ?" ಎಂದು ಅವನು ಊದಿದ ತುಟಿಯಲ್ಲೇ ಕೇಳಿದ. ಅವನನ್ನು ನಾನು ಕೇಳಬೇಕಿದ್ದ ಮಾತು ಅದು.